ಅರ್ಕಾವತ್ತಿನ ಸ್ಥಾನಪಲ್ಲಟ: ನುಡಿ ಫಾಂಟಿನಿಂದ ಯುನಿಕೋಡಿಗೆ ಬಂದ ಕನ್ನಡ ಕಾನೂನು ಪಠ್ಯದ ಒಂದು ಸಮಸ್ಯೆ

ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ, ಕಂದಾಯ ಕಚೇರಿಗಳಲ್ಲಿ ಹಲವು ವರ್ಷ ಕನ್ನಡದ ಆದೇಶ, ಅರ್ಜಿ, ತೀರ್ಪುಗಳು ಸಿದ್ಧವಾದದ್ದು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಕಡತಗಳ ಭಾಗಗಳನ್ನು ಇಂದಿನ ಯುನಿಕೋಡ್ ಕಡತಕ್ಕೆ ತಂದಾಗ ಅಕ್ಷರಗಳು ಕೆಡುತ್ತವೆ. ಕೆಟ್ಟದ್ದನ್ನೆಲ್ಲ ಒಂದೇ ಬಗೆಯ ದೋಷವೆಂದು ಎಣಿಸುವುದು ಸರಿಯಲ್ಲ. ಕೆಲವು ದೋಷಗಳು ನೋಡಿದೊಡನೆ ಗೊತ್ತಾಗುತ್ತವೆ, ಕೆಲವನ್ನು ಯಂತ್ರವೇ ಸರಿಪಡಿಸಬಲ್ಲದು. ಅರ್ಕಾವತ್ತಿನ ಸ್ಥಾನಪಲ್ಲಟ ಮಾತ್ರ ಬೇರೆ ಜಾತಿಯದು. ಅದರಲ್ಲಿ ಮೂಲದ ಮಾಹಿತಿಯೇ ಅಳಿದುಹೋಗುತ್ತದೆ, ಮೂಲ ಕಡತವಿಲ್ಲದೆ ಅದನ್ನು ನಿಯಮಬದ್ಧವಾಗಿ ಹಿಂದಿರುಗಿಸಲು ಆಗುವುದಿಲ್ಲ. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

1. ಹಳೆಯ ಫಾಂಟಿನ ಕ್ರಮ

ನುಡಿಯ ಹಳೆಯ ಫಾಂಟು ಕನ್ನಡ ಅಕ್ಷರಗಳನ್ನು ಸಂಗ್ರಹಿಸುತ್ತಿರಲಿಲ್ಲ, ಅಕ್ಷರದ ತುಂಡುಗಳನ್ನು ಸಂಗ್ರಹಿಸುತ್ತಿತ್ತು. ಲ್ಯಾಟಿನ್ ಲಿಪಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಹಾಗಾಗಿ ಫಾಂಟು ಇಲ್ಲದ ಕಡೆ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುತ್ತದೆ. ಈ ತುಂಡುಗಳನ್ನು ಕಾಗದದ ಮೇಲೆ ಎಡದಿಂದ ಬಲಕ್ಕೆ ಕಾಣುವ ಕ್ರಮದಲ್ಲೇ ಇಡಲಾಗುತ್ತಿತ್ತು. ಯುನಿಕೋಡ್ ಇಡುವುದು ಉಚ್ಚಾರದ ಕ್ರಮದಲ್ಲಿ. ಈ ಎರಡು ಕ್ರಮಗಳ ಅಂತರವೇ ಮುಂದಿನ ಎಲ್ಲ ತೊಡಕಿನ ಮೂಲ.

‘ಮತ್ತು’ ಪದವನ್ನು ನೋಡಿ. ನುಡಿಯಲ್ಲಿ ಅದು `ªÀÄvÀÄÛ`. ಮೊದಲು ‘ಮ’, ಆಮೇಲೆ ‘ತು’, ಕೊನೆಗೆ ತಕಾರದ ಒತ್ತು. ಯುನಿಕೋಡಿನಲ್ಲಿ ಒತ್ತು ಮೊದಲು ಬಂದು ಉಕಾರ ಅದರ ನಂತರ ಬರಬೇಕು. ಕ್ರಮ ಬದಲಿಸದೆ ಸಂಕೇತಗಳನ್ನಷ್ಟೇ ಬದಲಿಸಿದರೆ ‘ಮತು್ತ’ ಎಂದಾಗುತ್ತದೆ. ಹಲವು ಫಾಂಟುಗಳಲ್ಲಿ ನಡುವೆ ಚುಕ್ಕೆಗಳ ವೃತ್ತವೂ ಕಾಣುತ್ತದೆ. ಓದುಗರ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ, ಸ್ವರಚಿಹ್ನೆಯ ನಂತರ ವಿರಾಮ ಬಂದಿರುವ ಕಡೆಗಳನ್ನು ಹುಡುಕಿ ತಿದ್ದುವುದೂ ಸುಲಭ.

ದೀರ್ಘದ ವಿಷಯ ಇನ್ನೂ ಸರಳ. ನುಡಿಯಲ್ಲಿ ‘ತೀ’ ಎಂದರೆ ‘ತಿ’ ಮತ್ತು ದೀರ್ಘಚಿಹ್ನೆ. ಹಾಗೇ ಪರಿವರ್ತಿಸಿದರೆ U+0CBF, U+0CD5 ಎಂಬ ಎರಡು ಸಂಕೇತಗಳು ಸಿಗುತ್ತವೆ. ಯುನಿಕೋಡ್ ಇವೆರಡನ್ನೂ U+0CC0 ಎಂಬ ಒಂದೇ ಸಂಕೇತಕ್ಕೆ ಸಮಾನವೆಂದು ಪರಿಗಣಿಸುತ್ತದೆ. NFC ಎಂಬ ಸಾಮಾನ್ಯೀಕರಣದಿಂದ ಅವು ತಾವಾಗಿ ಒಂದಾಗುತ್ತವೆ.

2. ‘ಅರ್ಜಿದಾರ’: ಒಂದು ಪದದ ಪರೀಕ್ಷೆ

ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಅಕ್ಷರದ ಬಲಗಡೆ. ನುಡಿಯಲ್ಲಿ ಅದಕ್ಕೆಂದೇ `ð` ಎಂಬ ಸ್ವತಂತ್ರ ಸಂಕೇತವಿದೆ. ‘ಅರ್ಜಿದಾರ’ ಎಂಬುದು `CfðzÁgÀ`, ಅಂದರೆ ಅ, ಜಿ, ಅರ್ಕಾವತ್ತು, ದಾ, ರ. ಸರಿಯಾದ ಪರಿವರ್ತಕ `ð` ಕಂಡೊಡನೆ ಹಿಂದಕ್ಕೆ ಹೋಗಿ, ‘ಜಿ’ಯ ಮೊದಲು ‘ರ್’ ಇಡಬೇಕು. ಹಾಗೆ ಮಾಡದೆ ಇದ್ದ ಜಾಗದಲ್ಲೇ ‘ರ್’ ಇಟ್ಟರೆ ‘ಅಜಿರ್ದಾರ’ ಆಗುತ್ತದೆ. ಸರಿಯಾದ ಪದದಲ್ಲಿರುವ ಎಂಟು ಸಂಕೇತಗಳೇ ಇಲ್ಲೂ ಇವೆ, ಕ್ರಮ ಮಾತ್ರ ಬೇರೆ. ಚುಕ್ಕೆವೃತ್ತವಿಲ್ಲ, ಉಳಿದ ಲ್ಯಾಟಿನ್ ಅಕ್ಷರವಿಲ್ಲ. ಅರ್ಕಾವತ್ತು ‘ಜಿ’ಯನ್ನು ಬಿಟ್ಟು ‘ದಾ’ದ ಪಕ್ಕಕ್ಕೆ ಸರಿದಿರುತ್ತದೆ, ಅಷ್ಟೇ. ವೇಗವಾಗಿ ಓದುವವರು ಇದನ್ನು ಗಮನಿಸುವುದಿಲ್ಲ, ಆದರೆ ‘ಅರ್ಜಿದಾರ’ ಎಂದು ಹುಡುಕಿದರೆ ಆ ಸಾಲು ಸಿಗುವುದಿಲ್ಲ.

ಪದದ ಕೊನೆಯಲ್ಲಿ ಅದೇ ದೋಷ ಬೇರೆ ವೇಷ ತಾಳುತ್ತದೆ. ‘ತೀರ್ಪು’ ‘ತೀಪುರ್’ ಆದರೆ, ‘ತೀರ್ಪಿನ’ ‘ತೀಪಿರ್ನ’ ಆಗುತ್ತದೆ. ವಿಭಕ್ತಿ ಬದಲಾದಂತೆ ಕೆಟ್ಟ ರೂಪವೂ ಬದಲಾಗುವುದರಿಂದ ಒಂದು ಪದವನ್ನು ಹುಡುಕಿ ಎಲ್ಲೆಡೆ ಬದಲಿಸುವ ವಿಧಾನ ಇಲ್ಲಿ ಸಾಲದು. ‘ಕೋರ್ಟ್’ ಪದದಲ್ಲಿ `ð` ಬರುವುದು ‘ಟ್’ ನಂತರ. ಅಲ್ಲಿ ಸಿಗುವುದು ‘ಕೋಟ್ರ್’, ಅರ್ಕಾವತ್ತು ರಕಾರದ ಒತ್ತಾಗಿಬಿಟ್ಟಿರುತ್ತದೆ.

ಅರೆಬರೆ ತಿದ್ದಿದ ಪರಿವರ್ತಕಗಳಲ್ಲಿ ಇನ್ನೊಂದು ಲೋಪ ಕಾಣುತ್ತದೆ. ಕರಾರು ಮಾಡಿಕೊಳ್ಳುವ ‘ಸಾಮರ್ಥ್ಯ’ದಲ್ಲಿ ಥಕಾರಕ್ಕೆ ಯಕಾರದ ಒತ್ತೂ ಇದೆ, ಅರ್ಕಾವತ್ತೂ ಇದೆ. ‘ರ್’ ಅನ್ನು ಒಂದೇ ವ್ಯಂಜನದಷ್ಟು ಹಿಂದಕ್ಕೆ ಸರಿಸಿದರೆ ‘ಸಾಮಥ್ರ್ಯ’ ಆಗುತ್ತದೆ. ಸರಿಸಬೇಕಾದದ್ದು ಇಡೀ ಒತ್ತಕ್ಷರದ ಹಿಂದಕ್ಕೆ.

3. ಹಿಂದಿರುಗಿಸಲು ಏಕೆ ಆಗದು

ಎಲ್ಲ ‘ರ್’ಗಳೂ ಒಂದು ಅಕ್ಷರ ಮುಂದೆ ಸರಿದಿದ್ದರೆ ಎಲ್ಲವನ್ನೂ ಒಂದು ಅಕ್ಷರ ಹಿಂದಕ್ಕೆ ತಂದರಾಯಿತಲ್ಲ ಎಂಬ ಆಲೋಚನೆ ಸಹಜ. ತೊಡಕು ಇರುವುದು ‘ಕಮಿಷನರ್’ ಎಂಬಂಥ ಪದಗಳಲ್ಲಿ. ಅಲ್ಲಿನ ‘ರ್’ ಅರ್ಕಾವತ್ತಲ್ಲ, ನಿಜವಾದ ಅರ್ಧಾಕ್ಷರ. ನುಡಿ ಅದನ್ನು `gï` ಎಂದು ಬೇರೆಯಾಗಿಯೇ ಬರೆಯುತ್ತದೆ. ಯುನಿಕೋಡಿಗೆ ಬಂದಾಗ `ð` ಮತ್ತು `gï` ಎರಡೂ ರಕಾರ ಮತ್ತು ವಿರಾಮ ಎಂಬ ಒಂದೇ ಜೋಡಿಯಾಗುತ್ತವೆ. ‘ತೀಪುರ್’ ಅನ್ನು ‘ತೀರ್ಪು’ ಮಾಡುವ ನಿಯಮ ‘ಕಮಿಷನರ್’ ಅನ್ನು ‘ಕಮಿಷರ್ನ’ ಮಾಡುತ್ತದೆ. ಹಳೆಯ ಭಾಗ, ಹೊಸದಾಗಿ ಟೈಪಾದ ಭಾಗ ಎರಡೂ ಬೆರೆತ ಕಡತದಲ್ಲಂತೂ ಸರಿಯಿದ್ದ ‘ನಿರ್ದಿಷ್ಟ’ದಂಥ ಪದಗಳೂ ಕೆಡುತ್ತವೆ.

ಆದ್ದರಿಂದ ಯುನಿಕೋಡ್ ಪಠ್ಯವೊಂದೇ ಕೈಯಲ್ಲಿದ್ದಾಗ ಮಾಡಬಹುದಾದದ್ದು ಅನುಮಾನದ ಜಾಗಗಳನ್ನು ಗುರುತಿಸುವುದು. ಮೂರು ಮಾದರಿಗಳು ಸಹಾಯಕ್ಕೆ ಬರುತ್ತವೆ:

```
[À-ÿ]
್ರ್
ುರ್(\s|$)
```

ಮೊದಲನೆಯದು ಪರಿವರ್ತನೆಯಾಗದೆ ಉಳಿದ ಹಲವು ತುಂಡುಗಳನ್ನು ಹಿಡಿಯುತ್ತದೆ. ಎರಡನೆಯದು ‘ಕೋಟ್ರ್’, ‘ಸಾಮಥ್ರ್ಯ’ಗಳನ್ನು ತೋರಿಸುತ್ತದೆ, ಸರಿಯಾದ ಕನ್ನಡದಲ್ಲಿ ಈ ಸರಣಿ ತೀರಾ ಅಪರೂಪ. ಮೂರನೆಯದು ‘ತೀಪುರ್’ ಜೊತೆಗೆ ‘ನಾಗಪುರ್’ ಅನ್ನೂ ಎತ್ತಿಕೊಡುವುದರಿಂದ ಒಂದೊಂದನ್ನೂ ನೋಡಿಯೇ ತೀರ್ಮಾನಿಸಬೇಕು. ‘ಅಜಿರ್ದಾರ’ ಈ ಮೂರರಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ. ಅದಕ್ಕೆ ಪದಕೋಶ ಬೇಕು. ಪಕ್ಷಕಾರರ ಹೆಸರು, ಮನೆತನದ ಹೆಸರು, ಸಣ್ಣ ಗ್ರಾಮಗಳ ಹೆಸರು ಪದಕೋಶದಲ್ಲೂ ಇರುವುದಿಲ್ಲ. ಕಾನೂನು ಪಠ್ಯದಲ್ಲಿ ತಪ್ಪಬಾರದ ಭಾಗಗಳೂ ಇವೇ ಆಗಿವೆ.

4. ಪರಿವರ್ತನೆಯ ಕ್ರಮ

ಮೇಲಿನ ಪರಿಶೀಲನೆಯಿಂದ ಒಂದು ಕಾರ್ಯಕ್ರಮ ಹೊರಡುತ್ತದೆ. ಪರಿವರ್ತನೆಯನ್ನು ಮೂಲ ವರ್ಡ್ ಕಡತದ ಮೇಲೆಯೇ, ಯಾವ ಭಾಗ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿ ಇರುವಾಗಲೇ ಮಾಡಬೇಕು. ಬರಿಯ ಪಠ್ಯವಾಗಿ ಅಂಟಿಸಿದರೆ ಆ ಮಾಹಿತಿ ಹೋಗುತ್ತದೆ, ಆಗ ಇಂಗ್ಲಿಷಿನಲ್ಲಿದ್ದ `RTC` ಕೂಡ ನುಡಿಯ ಸಂಕೇತವೆಂದೇ ಭಾವಿತವಾಗಿ ‘ಖಖಿಅ’ ಆಗುತ್ತದೆ. ಸಂಕೇತಗಳನ್ನು ಹೊಂದಿಸುವಾಗ ಉದ್ದದ ಸರಣಿಗೆ ಮೊದಲ ಆದ್ಯತೆ ಕೊಡಬೇಕು. ‘ಕಂದಾಯ’ದ ನುಡಿ ರೂಪ `PÀAzÁAiÀÄ`. ಇದರಲ್ಲಿ ಮೊದಲ `A` ಅನುಸ್ವಾರ, ಎರಡನೆಯದು `AiÀÄ` ಎಂಬ ಯಕಾರದ ಒಂದು ತುಂಡು. ಉದ್ದದ ಸರಣಿಯನ್ನು ಮೊದಲು ನೋಡದಿದ್ದರೆ ‘ಯ’ ಇರಬೇಕಾದಲ್ಲಿ ಇನ್ನೊಂದು ಅನುಸ್ವಾರ ಕೂರುತ್ತದೆ. ಆಮೇಲೆ ಒತ್ತು ಮತ್ತು ಸ್ವರಗಳ ಕ್ರಮ ಸರಿಪಡಿಸಿ, ಅರ್ಕಾವತ್ತನ್ನು ಇಡೀ ಒತ್ತಕ್ಷರದ ಹಿಂದಕ್ಕೆ ಒಯ್ದು, ಕೊನೆಗೆ ಸಾಮಾನ್ಯೀಕರಣ ಮಾಡಬೇಕು.

ಎಷ್ಟೇ ಎಚ್ಚರಿಕೆ ವಹಿಸಿದರೂ ಹೆಸರು, ಸರ್ವೆ ನಂಬರು, ಕಲಂಗಳ ಉಲ್ಲೇಖಗಳನ್ನು ಮೂಲದ ಮುದ್ರಿತ ಪ್ರತಿಯೊಂದಿಗೆ ಮನುಷ್ಯರೇ ಹೋಲಿಸಿ ನೋಡಬೇಕು. `ð` ಮತ್ತು `gï` ನಡುವಿನ ವ್ಯತ್ಯಾಸ ಉಳಿದಿರುವುದು ಹಳೆಯ ಕಡತದಲ್ಲಿ ಮಾತ್ರ. ಹೊಸ ಪ್ರತಿ ಸಿದ್ಧವಾಯಿತೆಂದು ಹಳೆಯದನ್ನು ಅಳಿಸಿದ ಕಚೇರಿ, ಮುಂದೆ ತಪ್ಪು ಕಂಡಾಗ ಅದನ್ನು ಖಚಿತವಾಗಿ ತಿದ್ದುವ ಆಧಾರವನ್ನೇ ಕಳೆದುಕೊಳ್ಳುತ್ತದೆ. ಹಾಗಾಗಿ ನುಡಿಯ ಮೂಲ ಕಡತವನ್ನೂ ಅದು ಬಳಸಿದ ಫಾಂಟನ್ನೂ ಯುನಿಕೋಡ್ ಪ್ರತಿಯ ಜೊತೆಯಲ್ಲೇ ಕಾಪಾಡುವುದು ದಾಖಲೆ ನಿರ್ವಹಣೆಯ ಕಡ್ಡಾಯ ನಿಯಮವಾಗಬೇಕು.