ಒಂದು ಕೆ.ಜಿ. ಜೋಳ, ಐದೂವರೆ ಕೆ.ಜಿ. ಮೇವು: ಬೆಟ್ಟದ ಕೆಳಗಿನ ಕೊಟ್ಟಿಗೆಗೆ ಹೈಡ್ರೋಪೋನಿಕ್ ಗಿಟ್ಟುತ್ತಾ?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಅದಾದ ಮೇಲೆ ಕಾಡಿಗೆ ದನ ಬಿಡುವುದನ್ನು ಪೂರ್ತಿ ನಿಲ್ಲಿಸಬೇಕು ಅನ್ನುವ ಮಾತು ಸರ್ಕಾರದ ಮಟ್ಟದಲ್ಲೇ ಜೋರಾಯಿತು. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಂಗಳದ ಸುತ್ತಲಿನ ಊರುಗಳಿಗೆ ಈ ಮಾತು ಹೊಸದೇನಲ್ಲ. ಬೆಟ್ಟ ಇರುವುದೇ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಆದರೆ ಪ್ರಶ್ನೆ ಅಲ್ಲೇ ನಿಲ್ಲುತ್ತದೆ: ಕಾಡಿಗೆ ಬಿಡಬೇಡಿ ಸರಿ, ದನಕ್ಕೆ ಏನು ಹಾಕೋದು?

ಇದಕ್ಕೆ ಸಿಗುವ ಚಂದದ ಉತ್ತರಗಳಲ್ಲಿ ಒಂದು ಹೈಡ್ರೋಪೋನಿಕ್ ಮೇವು. ಮಣ್ಣು ಬೇಡ, ಜಮೀನು ಬೇಡ, ಒಂದು ಕೆ.ಜಿ. ಮುಸುಕಿನ ಜೋಳ ಮೊಳಕೆ ಹಾಕಿದರೆ ಒಂದು ವಾರದಲ್ಲಿ ಐದಾರು ಕೆ.ಜಿ. ಹಸಿರು ಮೇವು. ಇದು ಸುಳ್ಳಲ್ಲ. ಆದರೆ ಎರಡು ಸೀಮೆಹಸು ಕಟ್ಟಿರುವ ಮನೆಗೆ ಇದು ಗಿಟ್ಟುತ್ತದಾ ಅಂತ ನಾನು ಕೂತು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಬಂತು.

ಮಾಡುವ ಬಗೆ

ಜೋಳವನ್ನು ನೀರಿಗೆ ಹಾಕಿ, ತೇಲುವ ಕಾಳನ್ನೂ ಒಡೆದ ಕಾಳನ್ನೂ ತೆಗೆದುಬಿಡಬೇಕು. ಒಡೆದ ಕಾಳು ಮೊಳೆಯುವುದಿಲ್ಲ, ಕೊಳೆಯುತ್ತದೆ. ಉಳಿದದ್ದನ್ನು ಒಂದು ದಿನ ನೆನೆಸಿ, ಇನ್ನೊಂದು ದಿನ ಒದ್ದೆ ಗೋಣಿಚೀಲದಲ್ಲಿ ಕಟ್ಟಿಡಬೇಕು. ಮೊಳಕೆ ಇಣುಕಿದ ಮೇಲೆ ತಳದಲ್ಲಿ ತೂತಿರುವ ಟ್ರೇಗೆ ಹರಡಬೇಕು. ಎರಡು ಅಡಿಗೆ ಒಂದೂವರೆ ಅಡಿಯ ಟ್ರೇಗೆ ಎರಡು ಕೆ.ಜಿ. ಕಾಳು ಸಾಕು. ನೆರಳುಪರದೆಯ ಕೆಳಗಿಟ್ಟು ಹಗಲಲ್ಲಿ ಎರಡು ಗಂಟೆಗೊಮ್ಮೆ ನೀರು ಸಿಂಪಡಿಸಿದರೆ, ಆರೇಳು ದಿನಕ್ಕೆ ಬೇರು ಹೆಣೆದುಕೊಂಡು ಚಾಪೆಯಂತೆ ಎದ್ದು ಬರುತ್ತದೆ. ಬೇರು, ಕಾಳು, ಎಲೆ ಎಲ್ಲವನ್ನೂ ಹಸು ತಿನ್ನುತ್ತದೆ.

ಒಂದು ಎಚ್ಚರಿಕೆ. ಬಿತ್ತನೆಗೆಂದು ಮಾರುವ, ಔಷಧಿ ಲೇಪಿಸಿ ಬಣ್ಣ ಬಳಿದ ಬೀಜವನ್ನು ಇದಕ್ಕೆ ಬಳಸಲೇಬಾರದು. ಆ ಔಷಧಿ ನೇರ ಹಸುವಿನ ಹೊಟ್ಟೆಗೆ ಹೋಗುತ್ತದೆ.

ತೂಕ ಎಲ್ಲಿಂದ ಬಂತು?

ಐದೂವರೆ ಕೆ.ಜಿ. ಆಗಿದ್ದು ನೀರಿನಿಂದ. ಮೊದಲ ವಾರದಲ್ಲಿ ಸಸಿ ಬದುಕುವುದು ಕಾಳಿನಲ್ಲಿರುವ ಪಿಷ್ಟವನ್ನು ಉರಿಸಿಕೊಂಡು. ಎಲೆ ತಾನಾಗಿ ಆಹಾರ ತಯಾರಿಸಲು ಶುರುಮಾಡುವ ಹೊತ್ತಿಗೆ ನಾವು ಅದನ್ನು ಕಿತ್ತು ಹಾಕಿರುತ್ತೇವೆ. ಹೀಗಾಗಿ ನೀರು ತೆಗೆದು ನೋಡಿದರೆ, ಮೇವು ನಾವು ಹಾಕಿದ ಕಾಳಿಗಿಂತ ಕಡಿಮೆಯೇ ಇರುತ್ತದೆ. ಒಂದು ಕೆ.ಜಿ. ಜೋಳದಲ್ಲಿ ಸುಮಾರು 880 ಗ್ರಾಂ ಒಣ ಪದಾರ್ಥವಿದೆ. ಐದೂವರೆ ಕೆ.ಜಿ. ಮೇವಿನಲ್ಲಿ, ಶೇ. 13ರಂತೆ, ಸಿಗುವುದು 715 ಗ್ರಾಂ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಒಂದು ಕೆ.ಜಿ. ಕಾಳಿನಿಂದ ಬಂದ ಮೇವನ್ನೆಲ್ಲ ಕತ್ತರಿಸಿ ಬಿಸಿಲಲ್ಲಿ ಗರಿಗರಿ ಒಣಗಿಸಿ ತೂಗಿ. 800 ಗ್ರಾಂ ಆಸುಪಾಸು ಬರುತ್ತದೆ. ಪ್ರೋಟೀನ್ ಶೇಕಡಾವಾರು ಹೆಚ್ಚುತ್ತದೆ ಅನ್ನುವುದೂ ಮುಖ್ಯವಾಗಿ ಇದೇ ಕಾರಣಕ್ಕೆ: ಪಿಷ್ಟ ಕರಗಿದಾಗ ಉಳಿದದ್ದರ ಪಾಲು ದೊಡ್ಡದಾಗಿ ಕಾಣುತ್ತದೆ. ವಿಟಮಿನ್ ಹೆಚ್ಚುವುದು ಮಾತ್ರ ನಿಜವಾದ ಲಾಭ.

ಎರಡು ಹಸುವಿನ ಲೆಕ್ಕ

ದಿನಕ್ಕೆ ನಾಲ್ಕು ಕೆ.ಜಿ. ಜೋಳ, ಬರುವುದು 22 ಕೆ.ಜಿ. ಮೇವು ಅಂತ ಇಟ್ಟುಕೊಳ್ಳಿ. ಜೋಳಕ್ಕೆ 2025-26ರ ಬೆಂಬಲ ಬೆಲೆಯನ್ನೇ, ಅಂದರೆ ಕೆ.ಜಿ.ಗೆ 24 ರೂಪಾಯಿ ಹಿಡಿದರೆ 96 ರೂ. ಬಿದಿರು, ಪರದೆ, 16 ಟ್ರೇ ಸೇರಿ 15 ಸಾವಿರ ಖರ್ಚಾಗಿ ಮೂರು ವರ್ಷ ಬಾಳಿದರೆ ದಿನಕ್ಕೆ 14 ರೂ. ಕರೆಂಟು, ತೊಳೆಯುವ ಖರ್ಚು 6 ರೂ. ಇನ್ನು ಕೆಲಸ. ನೆನೆಸುವುದು, ಹರಡುವುದು, ಸಿಂಪಡಿಸುವುದು, ಟ್ರೇ ಉಜ್ಜುವುದು ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ. 2025-26ರಲ್ಲಿದ್ದ ಉದ್ಯೋಗ ಖಾತರಿಯ 370 ರೂ. ಕೂಲಿಯನ್ನು ಎಂಟು ಗಂಟೆಗೆ ಹಂಚಿದರೆ 46 ರೂ. ಒಟ್ಟು 162 ರೂಪಾಯಿ.

ಹಸಿ ಮೇವಿನ ಲೆಕ್ಕದಲ್ಲಿ ಕೆ.ಜಿ.ಗೆ ಏಳೂಕಾಲು ರೂಪಾಯಿ ಚಿಲ್ಲರೆ. ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಒಣ ಪದಾರ್ಥದ ಲೆಕ್ಕದಲ್ಲಿ ಕೆ.ಜಿ.ಗೆ 57 ರೂಪಾಯಿ. ಅದೇ ಜೋಳವನ್ನು ನುಚ್ಚು ಮಾಡಿ ಕೊಟ್ಟಿದ್ದರೆ 27 ರೂಪಾಯಿ. ಕೆ.ಜಿ.ಗೆ 7 ರೂ. ಕೊಟ್ಟು ತಂದ ರಸಮೇವು 23ರ ಹತ್ತಿರ. ಗದ್ದೆಯಂಚಿನಲ್ಲಿ ಬೆಳೆದ ನೇಪಿಯರ್ ಹುಲ್ಲಿಗೆ ಕೆ.ಜಿ.ಗೆ ಎರಡೂವರೆ ರೂ. ಹಿಡಿದರೂ 12-13 ರೂ.

ನುಚ್ಚಿಗೆ ಹೋಲಿಸಿದರೆ ಮೊಳಕೆಯ ಮೇಲಿನ ಹೆಚ್ಚುವರಿ ಖರ್ಚು ದಿನಕ್ಕೆ 66 ರೂ. ಪ್ರೋತ್ಸಾಹಧನ ಸೇರಿ ಹಾಲಿಗೆ ಲೀಟರಿಗೆ 40 ರೂ. ಸಿಕ್ಕರೆ, ಈ ಖರ್ಚು ಹುಟ್ಟಲು ಎರಡು ಹಸು ಸೇರಿ ಸುಮಾರು 1.65 ಲೀಟರ್ ಹೆಚ್ಚು ಕೊಡಬೇಕು. ಗೋವಾದ ಐಸಿಎಆರ್ ಸಂಸ್ಥೆಯ ಪ್ರಯೋಗಗಳಲ್ಲಿ ಈ ಮೇವಿನಿಂದ ಹಾಲು ಹೆಚ್ಚಿದ್ದುಂಟು. ಆದರೆ ದಿನವೂ, ಪ್ರತಿ ಹಸುವೂ ಮುಕ್ಕಾಲು ಲೀಟರಿಗಿಂತ ಹೆಚ್ಚು ಕೊಟ್ಟೇ ಕೊಡುತ್ತದೆ ಅಂತ ನಾನು ಲೆಕ್ಕ ಕಟ್ಟಲಾರೆ.

ಮನೆಯವರ ಕೆಲಸಕ್ಕೆ ಬೆಲೆ ಕಟ್ಟದಿದ್ದರೆ ಹೆಚ್ಚುವರಿ ಖರ್ಚು 20 ರೂಪಾಯಿಗೆ ಇಳಿದು, ಅರ್ಧ ಲೀಟರಿಗೇ ಸರಿಹೋಗುತ್ತದೆ. 'ಲಾಭ' ತೋರಿಸುವ ಬಹಳಷ್ಟು ಲೆಕ್ಕಗಳು ನಿಂತಿರುವುದು ಇಲ್ಲೇ. ಆ ಒಂದು ಗಂಟೆ ಸಾಮಾನ್ಯವಾಗಿ ಮನೆಯ ಹೆಂಗಸಿನದು, ಅದನ್ನು ಸೊನ್ನೆ ಅಂತ ಬರೆದುಕೊಂಡಿರುತ್ತಾರೆ.

ಕೆಡುವುದು ಹೇಗೆ

ದೊಡ್ಡ ಶತ್ರು ಬೂಷ್ಟು. ಬೇರಿನ ಸುತ್ತ ಒಂದೇ ಸಮನಾಗಿರುವ ಬಿಳಿ ನವಿರು ಬೂಷ್ಟಲ್ಲ, ನೀರು ಸಿಂಪಡಿಸಿದರೆ ಅಡಗಿಹೋಗುತ್ತದೆ. ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹಬ್ಬಿದ್ದರೆ, ಹಸಿರು-ಕಪ್ಪು ಬಣ್ಣವಿದ್ದರೆ, ಮುಗ್ಗಲು ವಾಸನೆ ಬಂದರೆ, ಕೈಯಿಟ್ಟಾಗ ಚಾಪೆ ಬಿಸಿಯಾಗಿ ಲೋಳೆಲೋಳೆ ಅನ್ನಿಸಿದರೆ ಅದು ಬೂಷ್ಟು. ಮೇಲೆ ಮೇಲೆ ತೊಳೆದು ಹಾಕುವಂತಿಲ್ಲ, ಇಡೀ ಟ್ರೇ ತಿಪ್ಪೆಗೆ. ವಾರಕ್ಕೆ ಎರಡು ಟ್ರೇ ಹೋದರೂ ಮೇಲಿನ ಲೆಕ್ಕದ ಏಳನೇ ಒಂದು ಪಾಲು ಹೋದಂತೆ.

ಇನ್ನೊಂದು ಮಿತಿ ನಾರಿನದು. ಈ ಚಾಪೆಯಲ್ಲಿ ಹಸುವಿನ ಮೆಲುಕಿಗೆ ಬೇಕಾದ ಉದ್ದನೆಯ ನಾರು ಸಾಲದು. ಜೊತೆಗೆ ಒಣಹುಲ್ಲು, ಜೋಳದ ಕಡ್ಡಿ ಇರಲೇಬೇಕು.

ಹಾಗಾದರೆ ಯಾರಿಗೆ?

ಜಮೀನೇ ಇಲ್ಲದೆ ಒಂದೆರಡು ಹಸು ಕಟ್ಟಿದವರಿಗೆ, ಫೆಬ್ರವರಿಯಿಂದ ಮೇ ತನಕ ಹಸಿರು ಸಿಗದ ದಿನಗಳಲ್ಲಿ, ಹಸುವಿಗೆ ನಾಲ್ಕೈದು ಕೆ.ಜಿ.ಯಂತೆ ಪೂರಕವಾಗಿ ಕೊಡಲು ಇದು ಸರಿ. ಸ್ವಂತ ಜೋಳವಿದ್ದು, ಪೇಟೆಯಲ್ಲಿ ಬೆಲೆ ಬಿದ್ದಾಗಲೂ ಸರಿ. ಕಾಡಂಚಿನಲ್ಲಿ ಇನ್ನೊಂದು ಕಾರಣವೂ ಇದೆ: ಹೊಲದಲ್ಲಿ ಬೆಳೆದ ಮೇವು ಆನೆಗೋ ಹಂದಿಗೋ ಆಗಬಹುದು, ಕೊಟ್ಟಿಗೆ ಪಕ್ಕದ ಟ್ರೇ ಉಳಿಯುತ್ತದೆ. ನೀರೂ ಕಡಿಮೆ, ಕೆ.ಜಿ. ಮೇವಿಗೆ ಎರಡು ಮೂರು ಲೀಟರ್.

ಆದರೆ ಇದು ಕಳೆದುಹೋದ ಹುಲ್ಲುಗಾವಲಿಗೆ ಬದಲಿಯಲ್ಲ. ಲಕ್ಷಗಟ್ಟಲೆಯ ಯಂತ್ರಕ್ಕೆ ಸಬ್ಸಿಡಿ ಕೊಟ್ಟರೂ ದಿನದ 96 ರೂಪಾಯಿಯ ಜೋಳ ರೈತರ ತಲೆಮೇಲೇ ಉಳಿಯುತ್ತದೆ. ಅದೇ ದುಡ್ಡು ನೇಪಿಯರ್ ತಾಕಿಗೆ ಆನೆ ದಾಟದ ಬೇಲಿಯಾಗಿ, ಡೇರಿ ಸಂಘದ ಮೂಲಕ ರಸಮೇವಾಗಿ ಬಂದರೆ ಹೆಚ್ಚು ಹೊಟ್ಟೆ ತುಂಬುತ್ತದೆ. ಮುಂದಿನ ಸಲ ಯಾರಾದರೂ ಪರ್ಯಾಯ ಮೇವಿನ ಯೋಜನೆ ಘೋಷಿಸಿದಾಗ ಒಂದೇ ಪ್ರಶ್ನೆ ಕೇಳಿ: ನೀವು ಹೇಳುತ್ತಿರುವ ಕೆ.ಜಿ. ಹಸಿಯದೋ, ಒಣಗಿದ್ದೋ?