ಕ್ಷಯಾಣು ತಾನೇ ಸಿಡಿಸಿಕೊಳ್ಳುವ ಮದ್ದು: ಐಸೋನಿಯಾಜಿಡ್ ಮತ್ತು ಕ್ಯಾಟ್‌ಜಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಟಿಬಿ ರೋಗಿಗೆ ಮೊದಲೆರಡು ತಿಂಗಳು ಕೊಡುವ ನಾಲ್ಕು ಔಷಧಿಗಳ ಒಂದೇ ಮಾತ್ರೆಯಲ್ಲಿ ಐಸೋನಿಯಾಜಿಡ್ 75 ಮಿಲಿಗ್ರಾಂ ಇರುತ್ತದೆ. ಈ ಐಸೋನಿಯಾಜಿಡ್ ಇದ್ದ ರೂಪದಲ್ಲೇ ಕ್ಷಯಾಣುವನ್ನು ಕೊಲ್ಲಲಾರದು. ಅದಕ್ಕೆ ಕ್ಷಯಾಣುವಿನದೇ ಸಹಾಯ ಬೇಕು.

ಒಳಗೆ ನಡೆಯುವುದು

ನಮ್ಮ ರಕ್ಷಕ ಕೋಶಗಳು ಎರಚುವ ಪೆರಾಕ್ಸೈಡ್‌ನಿಂದ ಪಾರಾಗಲು ಕ್ಷಯಾಣು ಕ್ಯಾಟ್‌ಜಿ ಎಂಬ ಕಿಣ್ವವನ್ನು ಇಟ್ಟುಕೊಂಡಿದೆ. ಅದರ ನಡುವೆ ಕಬ್ಬಿಣವುಳ್ಳ ಹೀಮ್ ಕೂತಿದೆ. ಅಲ್ಲಿಗೆ ಹೋಗುವ ದಾರಿ ಇಕ್ಕಟ್ಟು. ಆ ದಾರಿಯಲ್ಲಿ ನುಗ್ಗಿದ ಐಸೋನಿಯಾಜಿಡ್ ಅಲ್ಲಿ ಒಡೆದು, ಬಲು ಚುರುಕಾದ ತುಣುಕಾಗುತ್ತದೆ. ಆ ತುಣುಕು ಜೀವಕೋಶದಲ್ಲಿರುವ ಎನ್‌ಎಡಿ ಅಣುವಿಗೆ ಅಂಟಿಕೊಳ್ಳುತ್ತದೆ. ಈ ಜೋಡಿಯೇ ನಿಜವಾದ ಮದ್ದು. ಇದು ಇನ್‌ಎಚ್‌ಎ ಎಂಬ ಇನ್ನೊಂದು ಕಿಣ್ವವನ್ನು ಬಿಗಿಯಾಗಿ ಹಿಡಿದು, ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ನಿಲ್ಲಿಸುತ್ತದೆ. ಮೇಣದಂಥ ಆ ಗೋಡೆ ಕಟ್ಟಲಾಗದೆ, ಬೆಳೆಯುತ್ತಿರುವ ಕ್ಷಯಾಣು ಸಾಯುತ್ತದೆ.

ಬಗ್ಗದ ಕ್ಷಯಾಣು

1954ರಲ್ಲೇ ಮಿಡಲ್‌ಬ್ರೂಕ್ ಒಂದು ವಿಚಿತ್ರ ಕಂಡಿದ್ದರು: ಈ ಮದ್ದಿಗೆ ಬಗ್ಗದ ಹಲವು ಕ್ಷಯಾಣುಗಳ ಮೇಲೆ ಪೆರಾಕ್ಸೈಡ್ ಹಾಕಿದರೆ ನೊರೆಯೇ ಏಳುತ್ತಿರಲಿಲ್ಲ. ಕಾರಣ ಖಚಿತವಾದದ್ದು 1992ರಲ್ಲಿ. ಯಿಂಗ್ ಝಾಂಗ್ ಮತ್ತು ಸಂಗಡಿಗರು ಕ್ಯಾಟ್‌ಜಿ ವಂಶವಾಹಿಯನ್ನು ಬಗ್ಗದ ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ ಅದು ಮತ್ತೆ ಮದ್ದಿಗೆ ಬಗ್ಗಿತು.

ಆದರೆ ಕಿಣ್ವವನ್ನು ಪೂರ್ತಿ ಕಳೆದುಕೊಂಡ ಕ್ಷಯಾಣು ಪೆರಾಕ್ಸೈಡ್ ಎದುರು ನಿರಾಯುಧ. ರೋಗಿಗಳಲ್ಲಿ ಹೆಚ್ಚಾಗಿ ಸಿಗುವುದು ಬೇರೆಯದೇ ಜಾಣತನ. 315ನೇ ಜಾಗದಲ್ಲಿ ಸೆರಿನ್ ಹೋಗಿ ತ್ರಿಯೋನಿನ್ ಬರುತ್ತದೆ. ವಂಶವಾಹಿಯಲ್ಲಿ AGC ಇದ್ದದ್ದು ACC ಆದರೆ ಸಾಕು, ಒಂದೇ ಅಕ್ಷರದ ವ್ಯತ್ಯಾಸ. ತ್ರಿಯೋನಿನ್ ತುಸು ದಪ್ಪ. ಹೀಮ್‌ನ ದಾರಿ ಮತ್ತಷ್ಟು ಕಿರಿದಾಗುತ್ತದೆ. ಪುಟ್ಟ ಪೆರಾಕ್ಸೈಡ್ ದಾಟುತ್ತದೆ, ಐಸೋನಿಯಾಜಿಡ್ ಹೊರಗುಳಿಯುತ್ತದೆ. ರಕ್ಷಣೆಯೂ ಉಳಿಯಿತು, ಮದ್ದೂ ತಪ್ಪಿತು.

ಪತ್ತೆ ಹೇಗೆ?

ಮಸ್ಕಿ ಕಡೆಯ ರೋಗಿಯೊಬ್ಬರ ಕಫದಲ್ಲಿ ಇಂಥ ಕ್ಷಯಾಣುವೇ ಇದೆ ಎಂದುಕೊಳ್ಳಿ. ಟ್ರೂನಾಟ್‌ನ ಸಾಮಾನ್ಯ ಪರೀಕ್ಷೆ ಟಿಬಿ ಇದೆ ಎನ್ನುತ್ತದೆ. ಬಳಿಕ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ. ಐಸೋನಿಯಾಜಿಡ್ ಬಗ್ಗೆ ಅದು ಮೌನ. ಆದ್ದರಿಂದ ‘ರಿಫಾಂಪಿಸಿನ್‌ಗೆ ತೊಂದರೆಯಿಲ್ಲ’ ಎಂಬ ವರದಿಯನ್ನು ‘ಎಲ್ಲ ಸರಿಯಿದೆ’ ಎಂದು ಓದುವುದು ದೊಡ್ಡ ತಪ್ಪು.

ಇದಕ್ಕೆ ಬೇಕಾದದ್ದು ಲೈನ್ ಪ್ರೋಬ್ ಪರೀಕ್ಷೆ. ಬೆರಳಗಲಕ್ಕಿಂತ ಕಿರಿದಾದ ಪಟ್ಟಿಯ ಮೇಲೆ ಗೆರೆಗಳು ಮೂಡುತ್ತವೆ. ಕ್ಯಾಟ್‌ಜಿಯ ಸಹಜ ಗೆರೆ ಮಾಯವಾಗಿ ‘katG MUT1’ ಗೆರೆ ಕಂಡರೆ 315ರ ಬದಲಾವಣೆ ಖಚಿತ. ಬದಲಿಗೆ inhA ಗೆರೆಯಲ್ಲಿ ಬದಲಾವಣೆ ಇದ್ದರೆ ಕಥೆ ಬೇರೆ: ಸಾಮಾನ್ಯವಾಗಿ ಪ್ರತಿರೋಧ ಸೌಮ್ಯ, ಐಸೋನಿಯಾಜಿಡ್ ಪ್ರಮಾಣ ಹೆಚ್ಚಿಸಿದರೆ ಕೆಲಸ ಮಾಡಬಹುದು. ಆದರೆ ಅದೇ ಗುರಿಯ ಇಥಿಯೊನಮೈಡ್ ಸೋಲುತ್ತದೆ. ಈ ಪಟ್ಟಿ ಕ್ಯಾಟ್‌ಜಿಯಲ್ಲಿ ನೋಡುವುದು 315ರ ಆಸುಪಾಸನ್ನಷ್ಟೇ. ಬೇರೆಡೆಯ ಬದಲಾವಣೆಯನ್ನು ಹಿಡಿಯಲು ಕಫದ ಕಲ್ಚರ್ ಮಾಡಿ, ವಾರಗಟ್ಟಲೆ ಕಾಯಬೇಕು.

ನಮ್ಮ ರೋಗಿಗೆ ಬಂದದ್ದು MUT1. ರಿಫಾಂಪಿಸಿನ್ ಕೆಲಸ ಮಾಡುತ್ತಿದ್ದರೆ ಐಸೋನಿಯಾಜಿಡ್ ಬಿಟ್ಟು, ಲಿವೊಫ್ಲಾಕ್ಸಸಿನ್ ಸೇರಿದ ನಾಲ್ಕು ಔಷಧಿಗಳನ್ನು ಆರು ತಿಂಗಳು ಕೊಡಲಾಗುತ್ತದೆ.