ನಾರು, ಕಿರು ಕೊಬ್ಬಿನಾಮ್ಲ ಮತ್ತು ಹಸಿವು: ವೆಲ್ಲೂರು, ಚೆನ್ನೈ ಅಧ್ಯಯನಗಳ ಹಿನ್ನೆಲೆಯಲ್ಲಿ ಒಂದು ಸಮೀಕ್ಷೆ

ಸಣ್ಣ ಕರುಳಿನ ಜೀರ್ಣರಸಗಳಿಗೆ ಬಗ್ಗದೆ ದೊಡ್ಡ ಕರುಳನ್ನು ತಲುಪುವ ಸಸ್ಯಾಂಶಕ್ಕೆ ನಾರು ಎಂದೂ, ಅದರಲ್ಲಿ ನೀರಿನೊಡನೆ ಬೆರೆತು ಲೋಳೆಯಾಗುವ ಭಾಗಕ್ಕೆ ಕರಗುವ ನಾರು ಎಂದೂ ಹೆಸರು. ಮೆಂತ್ಯದ ಕಾಳಿನ ಲೋಳೆ, ಸೀಬೆಹಣ್ಣಿನ ಪೆಕ್ಟಿನ್, ಗೋರಿಕಾಯಿ ಬೀಜದ ಗೋಂದು ಈ ಬಗೆಯವು. ಜೀರ್ಣವಾಗದೆ ಉಳಿಯುವ ಒಂದು ಬಗೆಯ ಪಿಷ್ಟ ನೀರಿನಲ್ಲಿ ಅಷ್ಟಾಗಿ ಕರಗದಿದ್ದರೂ ದೊಡ್ಡ ಕರುಳಿನಲ್ಲಿ ಕರಗುವ ನಾರಿನಂತೆಯೇ ವರ್ತಿಸುವುದರಿಂದ ಅದನ್ನೂ ಇವುಗಳ ಜೊತೆಗೇ ಪರಿಗಣಿಸುವುದು ರೂಢಿ. ಇದನ್ನು ನಿರೋಧಕ ಪಿಷ್ಟ ಎನ್ನುತ್ತಾರೆ. ಅನ್ನ ತಣಿದಾಗ ಅದರ ಪಿಷ್ಟದ ಒಂದು ಪಾಲು ಮತ್ತೆ ಬಿಗಿಯಾಗಿ ಜೋಡಣೆಗೊಂಡು ಈ ರೂಪಕ್ಕೆ ತಿರುಗುತ್ತದೆ.

ಆಮ್ಲಜನಕವಿಲ್ಲದ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಈ ನಾರನ್ನು ಹುದುಗಿಸುವ ಕೆಲಸ ಹಲವು ಕೈ ದಾಟಿ ನಡೆಯುತ್ತದೆ. ರುಮಿನೊಕಾಕಸ್ ಬ್ರೋಮಿಯೈ ಎಂಬ ಬ್ಯಾಕ್ಟೀರಿಯಾ ನಿರೋಧಕ ಪಿಷ್ಟದ ಕಣಗಳನ್ನು ಒಡೆದು ಸಕ್ಕರೆಯ ತುಣುಕುಗಳನ್ನು ಬಿಡುಗಡೆ ಮಾಡಿದರೆ, ಬೈಫಿಡೊಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಅಸಿಟೇಟ್ ಮತ್ತು ಲ್ಯಾಕ್ಟೇಟ್ ತಯಾರಿಸುತ್ತವೆ, ಫೀಕಲಿಬ್ಯಾಕ್ಟೀರಿಯಂನಂಥ ಇನ್ನೊಂದು ಗುಂಪು ಅಸಿಟೇಟನ್ನು ಬಳಸಿಕೊಂಡು ಬ್ಯುಟಿರೇಟ್ ಉತ್ಪಾದಿಸುತ್ತದೆ. ಎರಡು ಇಂಗಾಲದ ಅಸಿಟೇಟ್, ಮೂರು ಇಂಗಾಲದ ಪ್ರೊಪಿಯೊನೇಟ್, ನಾಲ್ಕು ಇಂಗಾಲದ ಬ್ಯುಟಿರೇಟ್ ಈ ಮೂರಕ್ಕೂ ಒಟ್ಟಾಗಿ ಕಿರುಸರಪಳಿ ಕೊಬ್ಬಿನಾಮ್ಲಗಳು ಎಂದು ಹೆಸರು. ಜೊತೆಗೆ ಹುಟ್ಟುವ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳೇ, ಅಭ್ಯಾಸವಿಲ್ಲದವರು ಒಮ್ಮೆಲೇ ಹೆಚ್ಚು ನಾರು ತಿಂದಾಗ ಹೊಟ್ಟೆ ಉಬ್ಬರಿಸುವುದಕ್ಕೆ ಕಾರಣ. ನೀರಿನಲ್ಲಿ ಲೋಳೆಯಾಗುವ ನಾರೆಲ್ಲವೂ ಹುದುಗುತ್ತದೆಂದು ಭಾವಿಸುವುದೂ ತಪ್ಪು: ಇಸಬ್‌ಗೋಲ್ ಅಷ್ಟೇನೂ ಹುದುಗದೆ ಲೋಳೆಯಾಗಿಯೇ ಹೊರಬರುತ್ತದೆ, ಮಲವನ್ನು ಮೆದುವಾಗಿಸುವ ಅದರ ಗುಣವೂ ಅದರಿಂದಲೇ ಬಂದದ್ದು.

ಈ ಆಮ್ಲಗಳು ಕರುಳಿನ ಆಹಾರವೆಂಬ ಅರಿವಿಗೆ ತಳಹದಿ ಹಾಕಿದ್ದು 1980ರಲ್ಲಿ ವಿಲಿಯಂ ರೋಡಿಗರ್ ಪ್ರಕಟಿಸಿದ ಪ್ರಯೋಗ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಕರುಳಿನಿಂದ ಒಳಪದರದ ಕೋಶಗಳನ್ನು ಬೇರ್ಪಡಿಸಿ, ಗ್ಲೂಕೋಸ್ ಮತ್ತು ಬ್ಯುಟಿರೇಟ್ ಎರಡನ್ನೂ ಒದಗಿಸಿ ನೋಡಿದಾಗ, ಆ ಕೋಶಗಳು ಬಳಸಿದ ಆಮ್ಲಜನಕದ ಸುಮಾರು ಶೇಕಡ 70ರಷ್ಟು ಬ್ಯುಟಿರೇಟನ್ನು ಉರಿಸುವುದಕ್ಕೇ ವೆಚ್ಚವಾಗುತ್ತಿತ್ತು. ದೇಹದ ಬಹುತೇಕ ಕೋಶಗಳು ರಕ್ತದಿಂದ ಆಹಾರ ಪಡೆದರೆ, ಈ ಕೋಶಗಳು ತಮ್ಮ ಮುಖ್ಯ ಇಂಧನವನ್ನು ಕರುಳಿನ ಒಳಭಾಗದಿಂದ, ಅದೂ ಬ್ಯಾಕ್ಟೀರಿಯಾಗಳ ಕೈಯಿಂದ ಪಡೆಯುತ್ತವೆ. 1987ರಲ್ಲಿ ಜಾನ್ ಕಮಿಂಗ್ಸ್ ಮತ್ತು ಸಂಗಡಿಗರು ಹಠಾತ್ತನೆ ಮೃತಪಟ್ಟವರ ದೇಹಗಳನ್ನು ಪರೀಕ್ಷಿಸಿ, ಕರುಳಿನೊಳಗೆ ಈ ಮೂರು ಆಮ್ಲಗಳ ಅನುಪಾತ 57:22:21 ಇದ್ದದ್ದು ಯಕೃತ್ತಿಗೆ ಹೋಗುವ ರಕ್ತದಲ್ಲಿ 71:21:8 ಆಗಿರುವುದನ್ನು ತೋರಿಸಿದರು. ಬ್ಯುಟಿರೇಟಿನ ಪಾಲು ಇಷ್ಟು ಕುಸಿದದ್ದು, ದಾರಿಯಲ್ಲಿ ಕರುಳಿನ ಗೋಡೆಯೇ ಅದನ್ನು ಬಳಸಿಕೊಂಡಿದೆ ಎಂಬುದಕ್ಕೆ ಪ್ರಯೋಗಾಲಯದ ಹೊರಗೆ ಸಿಕ್ಕ ಪುರಾವೆ.

ಈ ಜ್ಞಾನವು ರೋಗಿಯ ಹಾಸಿಗೆಯ ಬಳಿಗೆ ಬಂದ ಕಥೆಯಲ್ಲಿ ಚೆನ್ನೈಯಿಂದ ಪಶ್ಚಿಮಕ್ಕಿರುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು ದೊಡ್ಡ ಪಾಲು. ಅಲ್ಲಿ ದೀರ್ಘಕಾಲ ದುಡಿದು, ಅನಂತರ ಚೆನ್ನೈನ ಸಿಮ್ಸ್ ಆಸ್ಪತ್ರೆಗೆ ಬಂದ ಬಿ. ಎಸ್. ರಾಮಕೃಷ್ಣ ಅವರು ರೋಡಿಗರ್ ಜೊತೆ ಸಂಶೋಧನೆ ನಡೆಸಿದ್ದವರು. ವಿ. ಐ. ಮಥನ್ ಅವರೊಡನೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ತೀವ್ರ ಅತಿಸಾರದ ರೋಗಿಗಳನ್ನು ಗಮನಿಸಿದರು. ಕಾಯಿಲೆಯ ಮೊದಲ ದಿನ ಮಲದಲ್ಲಿ ಈ ಆಮ್ಲಗಳ ಪ್ರಮಾಣ ತೀರ ತಗ್ಗಿತ್ತು, ಮುಂದಿನ ದಿನಗಳಲ್ಲಿ ಮೆಲ್ಲಗೆ ಏರಿತು. ನೀರು ಹೀರುವುದನ್ನು ಕೈಬಿಟ್ಟಿದ್ದ ಗುದನಾಳಕ್ಕೆ ಈ ಆಮ್ಲಗಳುಳ್ಳ ದ್ರಾವಣವನ್ನು ಒದಗಿಸಿದಾಗ ನೀರು ಮತ್ತು ಸೋಡಿಯಂ ಹೀರುವಿಕೆ ಮರಳಿತು.

ಇದರ ಹಿಂದಿನ ತರ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಾಲರಾದ ವಿಷವು ಕರುಳಿನ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ವಸ್ತುವನ್ನು ವಿಪರೀತ ಹೆಚ್ಚಿಸಿ, ಸೋಡಿಯಂ ಹೀರುವ ಸಾಮಾನ್ಯ ದಾರಿಯನ್ನು ಮುಚ್ಚಿಬಿಡುತ್ತದೆ. ಆದರೆ ಕೊಬ್ಬಿನಾಮ್ಲಗಳು ಒಳಹೋಗುವಾಗ ತಮ್ಮೊಡನೆ ಸೋಡಿಯಮನ್ನು ಸೆಳೆದೊಯ್ಯುವ ದಾರಿ ಆ ಸಂಕೇತಕ್ಕೆ ಮಣಿಯುವುದಿಲ್ಲ. ಸೋಡಿಯಂ ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಸಾಮಾನ್ಯ ಓಆರ್‌ಎಸ್‌ನ ಗ್ಲೂಕೋಸ್ ಸಣ್ಣ ಕರುಳಿನಲ್ಲೇ ಮುಗಿದುಹೋಗುವುದರಿಂದ ದೊಡ್ಡ ಕರುಳಿನ ಈ ಸಾಮರ್ಥ್ಯ ಬಳಕೆಗೇ ಬರುತ್ತಿರಲಿಲ್ಲ. ಆಮ್ಲವನ್ನು ಬಾಯಿಯಿಂದ ಕೊಟ್ಟರೆ ಅದು ಮೇಲೆಯೇ ಹೀರಲ್ಪಡುತ್ತದೆ. ಆದ್ದರಿಂದ ಆಮ್ಲಕ್ಕೆ ಬದಲು ಆಮ್ಲವಾಗುವ ಪಿಷ್ಟವನ್ನೇ ಕೆಳಗೆ ಕಳಿಸುವ ಉಪಾಯ ಹೊಳೆಯಿತು.

ಯೇಲ್‌ನ ಹೆನ್ರಿ ಬೈಂಡರ್, ಅಡಿಲೇಡ್‌ನ ಗ್ರೇಮ್ ಯಂಗ್ ಅವರ ಸಹಯೋಗದಲ್ಲಿ ವೆಲ್ಲೂರಿನ ತಂಡವು ಕಾಲರಾ ತಗುಲಿದ 48 ಮಂದಿ ಹದಿಹರೆಯದವರನ್ನೂ ವಯಸ್ಕರನ್ನೂ ಮೂರು ಗುಂಪು ಮಾಡಿ, ಒಂದಕ್ಕೆ ಸಾಮಾನ್ಯ ಓಆರ್‌ಎಸ್, ಇನ್ನೊಂದಕ್ಕೆ ಲೀಟರಿಗೆ 50 ಗ್ರಾಂ ಅಕ್ಕಿಹಿಟ್ಟು ಬೆರೆಸಿದ್ದು, ಮತ್ತೊಂದಕ್ಕೆ ಅಷ್ಟೇ ತೂಕದ ಮೆಕ್ಕೆಜೋಳದ ನಿರೋಧಕ ಪಿಷ್ಟ ಬೆರೆಸಿದ್ದನ್ನು ಕೊಟ್ಟಿತು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಭೇದಿ ನಿಲ್ಲಲು ಮೊದಲ ಗುಂಪಿನಲ್ಲಿ ಸರಾಸರಿ 90.9 ಗಂಟೆ, ಅಕ್ಕಿಹಿಟ್ಟಿನ ಗುಂಪಿನಲ್ಲಿ 70.8 ಗಂಟೆ, ನಿರೋಧಕ ಪಿಷ್ಟದ ಗುಂಪಿನಲ್ಲಿ 56.7 ಗಂಟೆ ಹಿಡಿಯಿತು. ಅಕ್ಕಿಹಿಟ್ಟನ್ನು ಹೋಲಿಕೆಗೆ ಇಟ್ಟದ್ದು ಈ ಪ್ರಯೋಗದ ಜಾಣ್ಮೆ: ಸಣ್ಣ ಕರುಳಿನಲ್ಲಿ ಜೀರ್ಣವಾಗುವ ಪಿಷ್ಟಕ್ಕಿಂತ ಅಲ್ಲಿ ಜೀರ್ಣವಾಗದ ಪಿಷ್ಟ ಮೇಲಾಗಿ ಕಂಡದ್ದರಿಂದ ಶ್ರೇಯಸ್ಸು ದೊಡ್ಡ ಕರುಳಿನ ಹುದುಗುವಿಕೆಗೆ ಸಲ್ಲುತ್ತದೆಂದು ಹೇಳಲು ಬಲವಾದ ಆಧಾರ ದೊರೆಯಿತು. ಢಾಕಾದ ಸಂಶೋಧಕರು ಗೋರಿಕಾಯಿ ಗೋಂದು, ಬಾಳೆಕಾಯಿ ಮತ್ತು ಪೆಕ್ಟಿನ್ ಬಳಸಿ ಮಕ್ಕಳ ಅತಿಸಾರದಲ್ಲಿ ಅದೇ ದಿಕ್ಕಿನ ಫಲ ಕಂಡರು.

ಹಸಿವಿನ ಕಡೆಗೆ ಸಂಶೋಧನೆ ಹೊರಳಿದ್ದು 2003ರ ನಂತರ. ಈ ಆಮ್ಲಗಳನ್ನು ಗುರುತಿಸುವ ಎರಡು ಗ್ರಾಹಕಗಳು, ಅಂದರೆ ಕೋಶದ ಹೊರಮೈಯಲ್ಲಿದ್ದು ಸಂಕೇತ ಸ್ವೀಕರಿಸುವ ಪ್ರೋಟೀನುಗಳು, ಆ ವರ್ಷ ಪತ್ತೆಯಾದವು. ಸಣ್ಣ ಕರುಳಿನ ಕೊನೆಯಲ್ಲೂ ದೊಡ್ಡ ಕರುಳಿನಲ್ಲೂ ಹರಡಿರುವ ಎಲ್ ಕೋಶಗಳ ಮೇಲೆ ಇವು ಇದ್ದು, ಆಮ್ಲ ತಗುಲಿದಾಗ ಆ ಕೋಶಗಳು ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ, ಹೊಟ್ಟೆ ತುಂಬಿದೆ ಎಂಬ ಸೂಚನೆಯನ್ನು ಮಿದುಳಿಗೆ ಮುಟ್ಟಿಸುತ್ತವೆ. 2012ರಲ್ಲಿ ಕೇಂಬ್ರಿಜ್‌ನ ತಂಡ ಇಲಿಗಳಲ್ಲಿ ಒಂದು ಗ್ರಾಹಕವನ್ನು ಇಲ್ಲವಾಗಿಸಿ, ಅದಿಲ್ಲದಿದ್ದರೆ ಜಿಎಲ್‌ಪಿ-1 ಸ್ರಾವ ತಗ್ಗುತ್ತದೆಂದು ತೋರಿಸಿತು.

ಮನುಷ್ಯರಲ್ಲಿ ದೊರೆತ ಪುರಾವೆ ಇಷ್ಟು ಗಟ್ಟಿಯಾಗಿಲ್ಲ. 2015ರಲ್ಲಿ ಲಂಡನ್ನಿನ ಗ್ಯಾರಿ ಫ್ರಾಸ್ಟ್ ಅವರ ತಂಡ, ಪ್ರೊಪಿಯೊನೇಟನ್ನು ಇನ್ಯುಲಿನ್ ನಾರಿಗೆ ರಾಸಾಯನಿಕವಾಗಿ ಕಟ್ಟಿ ದೊಡ್ಡ ಕರುಳಿಗೆ ತಲುಪಿಸಿತು. ಒಂದು ಸಲ 10 ಗ್ರಾಂ ಕೊಟ್ಟಾಗ ಎರಡೂ ಹಾರ್ಮೋನುಗಳು ಏರಿ ಊಟದ ಪ್ರಮಾಣ ಸುಮಾರು ಶೇಕಡ 14ರಷ್ಟು ಇಳಿಯಿತು; ದಿನವೂ ಕೊಟ್ಟು 24 ವಾರ ಕಳೆದ ಮೇಲೆ ತೂಕ ಏರುವುದು ತಗ್ಗಿದ್ದರೂ ಹಾರ್ಮೋನುಗಳ ಏರಿಕೆ ಉಳಿದಿರಲಿಲ್ಲ. ಹಾಗಿದ್ದರೆ ತೂಕವನ್ನು ಹಿಡಿದಿಟ್ಟದ್ದು ಹಾರ್ಮೋನೇ ಎಂದು ಹೇಳುವುದು ಕಷ್ಟ. ಅಳತೆಯ ತೊಡಕೂ ಸಣ್ಣದಲ್ಲ: ಹುಟ್ಟಿದ ಆಮ್ಲದ ಶೇಕಡ 90ಕ್ಕೂ ಹೆಚ್ಚು ಕರುಳಿನಲ್ಲೇ ಹೀರಲ್ಪಡುವುದರಿಂದ, ಆರೋಗ್ಯವಂತರ ಮಲದಲ್ಲಿ ಸಿಗುವುದು ಉಳಿಕೆಯೇ ಹೊರತು ಉತ್ಪತ್ತಿಯಲ್ಲ.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2016ರಲ್ಲಿ ವರದಿ ಮಾಡಿದ ಹೆಚ್ಚು ನಾರಿನ ಬಿಳಿ ಅಕ್ಕಿಯನ್ನೂ ಈ ಎಚ್ಚರದಿಂದಲೇ ಓದಬೇಕು. ಅದರಲ್ಲಿ ಸಾಮಾನ್ಯ ಬಿಳಿ ಅಕ್ಕಿಗಿಂತ ಸುಮಾರು ಐದು ಪಟ್ಟು ನಾರು ಇದ್ದು, ನಿರೋಧಕ ಪಿಷ್ಟವೂ ಹೆಚ್ಚಿತ್ತು. ಉಂಡ ಬಳಿಕ ರಕ್ತದ ಸಕ್ಕರೆ ಏರುವ ಮಟ್ಟವನ್ನು ಸೂಚಿಸುವ ಗ್ಲೈಸೀಮಿಕ್ ಸೂಚ್ಯಂಕ 79ರಿಂದ 61ಕ್ಕೆ ಇಳಿದಿತ್ತು. ಆದರೆ ಆ ಪ್ರಯೋಗದ ಅಳತೆಗೋಲು ರಕ್ತದ ಸಕ್ಕರೆ. ಪಿಷ್ಟ ಸಣ್ಣ ಕರುಳಿನಲ್ಲಿ ನಿಧಾನವಾಗಿ ಜೀರ್ಣವಾದರೂ ಇದೇ ಫಲ ಬರುವುದರಿಂದ, ಅದನ್ನು ಹುದುಗುವಿಕೆ ಅಥವಾ ಹಸಿವಿನ ಹಾರ್ಮೋನುಗಳ ಪರವಾದ ಸಾಕ್ಷ್ಯವೆಂದು ಎಣಿಸಲಾಗದು.